ಅಡ್ವಾನ್ಸ್ ತಗೊಳ್ಳೋಕೆ ಪಿನ್ ಯಾಕೆ ಬೇಕು?

ಸಂಪಾದಕರಿಗೆ,

ನಾನು ತೀರ್ಥಹಳ್ಳಿ ಪೇಟೆಯಲ್ಲಿ ಚಿಕ್ಕದೊಂದು ಮೊಬೈಲ್ ಅಂಗಡಿ ನಡೆಸುತ್ತಿದ್ದೇನೆ. ಸಿಮ್ ಹಾಕಿಸೋಕೆ, ರೀಚಾರ್ಜಿಗೆ ಬರುವವರ ಜೊತೆಗೆ ಈಗ ಇನ್ನೊಂದು ಥರದವರೂ ಬರುತ್ತಾರೆ. ಫೋನನ್ನು ಕೈಗೆ ಕೊಟ್ಟು, 'ದುಡ್ಡು ಬರ್ತದೆ ಅಂದ್ರು, ಹೋಯ್ತಲ್ಲ' ಎಂದು ಕೂತುಬಿಡುತ್ತಾರೆ. ಈ ಸಲ ಹಾಗೆ ಬಂದವರು ನಮ್ಮ ಚಿಕ್ಕಮ್ಮನೇ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಚಿಕ್ಕಮ್ಮ ಮನೆ ಹಿಂದೆ ಅಡಿಕೆ ಸಸಿ ಮಾಡಿ ಮಾರುತ್ತಾರೆ. ಮಳೆ ಹಿಡಿಯುವ ಮುಂಚೆ ಕೊಟ್ಟೆ ಗಿಡಗಳಿಗೆ ಗಿರಾಕಿ ಜಾಸ್ತಿ. ಅಂಥ ಒಂದು ದಿನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. 'ಅಕ್ಕಾ, 300 ಗಿಡ ಬೇಕು, ಗಾಡಿ ಕಳಿಸ್ತೀನಿ' ಎಂದನಂತೆ. ಗಿಡಕ್ಕೆ 40 ರೂಪಾಯಿ, ಒಟ್ಟು 12,000. ಚೌಕಾಸಿ ಮಾಡಲೇ ಇಲ್ಲ. ಅರ್ಧ ದುಡ್ಡು 6,000 ಈಗಲೇ ಹಾಕುತ್ತೇನೆ ಎಂದ. ಮೊದಲು ನಂಬರ್ ಸರಿ ಇದೆಯಾ ನೋಡೋಣ, ಒಂದು ರೂಪಾಯಿ ಕಳಿಸಿ ಎಂದ. ಚಿಕ್ಕಮ್ಮ ಕಳಿಸಿದರು. ಅವನು ಎರಡು ರೂಪಾಯಿ ವಾಪಸ್ ಹಾಕಿದ. ನಂಬಿಕೆ ಹುಟ್ಟಿದ್ದು ಆ ಎರಡು ರೂಪಾಯಿಗೆ.

ಆಮೇಲೆ ವಾಟ್ಸಾಪಿನಲ್ಲಿ ಒಂದು ಲಿಂಕ್ ಬಂತು. ಒತ್ತಿದರೆ ಒಂದು ಪುಟ ತೆರೆಯಿತು. ಅದರಲ್ಲಿ '6,000 ರೂಪಾಯಿ ಅಡ್ವಾನ್ಸ್ ಬಂದಿದೆ' ಎಂದು ಕನ್ನಡದಲ್ಲೇ ಇತ್ತು. ಕೆಳಗೆ ಹಸಿರು ಬಣ್ಣದಲ್ಲಿ 'ಸ್ವೀಕರಿಸಿ' ಎಂಬ ಗುಂಡಿ. ಅದನ್ನು ಒತ್ತಿದ ಕೂಡಲೇ ಚಿಕ್ಕಮ್ಮನ ಫೋನಿನ ಹಣದ ಆಪ್ ತೆರೆದುಕೊಂಡಿತು. 6,000 ಆಗಲೇ ತುಂಬಿತ್ತು. ಫೋನಿನಲ್ಲಿ ಅವನು ಮಾತಾಡುತ್ತಲೇ ಇದ್ದ: 'ಪಿನ್ ಹಾಕಿ ಅಕ್ಕಾ, ಆಗ ಜಮಾ ಆಗ್ತದೆ.' ಹಾಕಿದರು. 6,000 ಹೋಯಿತು. 'ಅಯ್ಯೋ, ಏನೋ ತಪ್ಪಾಗಿದೆ, ಎರಡೂ ಸೇರಿಸಿ ವಾಪಸ್ ಹಾಕ್ತೀನಿ' ಎಂದು ಇನ್ನೊಂದು ಲಿಂಕ್ ಕಳಿಸಿದ. ಗಾಬರಿಯಲ್ಲಿ ಅದಕ್ಕೂ ಪಿನ್ ಹಾಕಿದರು. ಮತ್ತೆ 6,000. ಅವರು ಕೇಳಿದ್ದು 12,000 ರೂಪಾಯಿ, ಕಳೆದುಕೊಂಡದ್ದೂ ಅಷ್ಟೇ.

ಅವರ ಫೋನಿಗೆ ಬಂದ ಆ ಪುಟದ ಹಿಂದಿನ ಲಿಂಕನ್ನು ಅಂಗಡಿಯಲ್ಲಿ ತೆಗೆದು ನೋಡಿದೆ. ಹೆಚ್ಚು ಕಡಿಮೆ ಹೀಗಿತ್ತು. ಐಡಿ ಮಾತ್ರ ಬದಲಿಸಿದ್ದೇನೆ:

```
upi://pay?pa=xxxx@bank&pn=Adike%20Advance
&am=6000&cu=INR&tn=Advance%20Received
```

ಇದನ್ನು ಒಮ್ಮೆ ನಿಧಾನವಾಗಿ ಓದಬೇಕು. ಶುರುವಿನಲ್ಲೇ `pay` ಎಂದಿದೆ, ಅಂದರೆ 'ಕೊಡು'. `pa` ಎಂದರೆ ದುಡ್ಡು ಸೇರಬೇಕಾದ ಐಡಿ. `am` ಎಂದರೆ ಮೊತ್ತ, `cu` ಎಂದರೆ ಅದು ರೂಪಾಯಿ ಎಂಬ ಗುರುತು. ಉಳಿದ ಎರಡನ್ನು ನೋಡಿ. `pn` ಜಾಗದಲ್ಲಿ ತೋರಿಸಬೇಕಾದ ಹೆಸರು, `tn` ಜಾಗದಲ್ಲಿ ಟಿಪ್ಪಣಿ. ಈ ಎರಡನ್ನೂ ಲಿಂಕ್ ಮಾಡಿದವನು ತನಗೆ ಬೇಕಾದಂತೆ ಬರೆಯಬಹುದು. 'ಅಡ್ವಾನ್ಸ್ ಬಂತು' ಎಂದಾದರೂ ಬರೆಯಲಿ, 'ಸಬ್ಸಿಡಿ ಜಮಾ' ಎಂದಾದರೂ ಬರೆಯಲಿ, ಯಾರೂ ತಡೆಯುವುದಿಲ್ಲ. ಟಿಪ್ಪಣಿ ಏನೇ ಇದ್ದರೂ ದುಡ್ಡು ಹೋಗುವ ದಿಕ್ಕು ಬದಲಾಗುವುದಿಲ್ಲ.

ಹಾಗಾಗಿ ನಾನು ಅಂಗಡಿಗೆ ಬಂದವರಿಗೆ ಹೇಳುವುದು ಹೀಗೆ: ಲಿಂಕ್ ಒತ್ತಿದಾಗ ಮೊದಲು ಬರುವ ಪುಟ ಅವನು ಬರೆದದ್ದು. ಅಲ್ಲಿ ಇರುವ ಒಂದಕ್ಷರವನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಆಪ್ ತೆರೆದ ಮೇಲೆ ಎರಡು ಕಡೆ ಕಣ್ಣು ಹಾಯಿಸಿ. ಒಂದು, ಗುಂಡಿಯ ಮೇಲೆ 'ಪಾವತಿಸಿ' ಎಂದಿದೆಯಾ? ಹಾಗಿದ್ದರೆ ನೀವು ಕೊಡುತ್ತಿದ್ದೀರಿ. ಎರಡು, ಬ್ಯಾಂಕಿನಲ್ಲಿ ಇರುವ ಹೆಸರು. ದುಡ್ಡು ಪಡೆಯುವವರ ಖಾತೆಯ ಹೆಸರನ್ನು ಬ್ಯಾಂಕಿನ ದಾಖಲೆಯಲ್ಲಿ ಇದ್ದಂತೆಯೇ ತೋರಿಸಬೇಕು ಎಂದು ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಆಪ್‌ಗಳಿಗೆ 2025ರ ಜೂನ್ 30ರ ಗಡುವು ಕೊಟ್ಟಿತ್ತು. ಚಿಕ್ಕಮ್ಮನ ಆಪ್‌ನಲ್ಲೂ ಅದು ಬಂದಿತ್ತು. ಫೋನಿನಲ್ಲಿ ಅವನು ಹೇಳಿದ ಹೆಸರು ಒಂದು, ಅಲ್ಲಿದ್ದ ಹೆಸರು ಇನ್ನೊಂದು. ಆದರೆ ಅದು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿತ್ತು. ಕನ್ನಡಕ ಹಾಕದೆ ಕಾಣುವಂಥದ್ದಲ್ಲ. ಹೆಸರು ಹೊಂದಿತು ಅಂದ ಮಾತ್ರಕ್ಕೆ ಧೈರ್ಯವಾಗಿಯೂ ಇರಬೇಡಿ. ಬೇರೆ ಯಾರದ್ದೋ ಖಾತೆಯನ್ನು ಬಾಡಿಗೆಗೆ ಪಡೆದು ಇಂಥ ಕೆಲಸ ಮಾಡುವವರಿದ್ದಾರೆ.

ಇನ್ನು ಪಿನ್. ದುಡ್ಡು ಕಳಿಸುವುದಕ್ಕೆ ಪಿನ್ ಬೇಕು. ಬ್ಯಾಲೆನ್ಸ್ ನೋಡುವುದಕ್ಕೆ ಬೇಕು. ಪ್ರತಿ ತಿಂಗಳು ತಾನಾಗಿ ಕಡಿತ ಆಗಲಿ ಎಂದು ಆಟೊಪೇಗೆ ಒಪ್ಪುವುದಕ್ಕೂ ಬೇಕು. ದುಡ್ಡು ಬರುವುದಕ್ಕೆ ಎಂದೂ ಬೇಡ. ನಿಜವಾದ ಗಿರಾಕಿ ಅಡ್ವಾನ್ಸ್ ಹಾಕಬೇಕಾದರೆ ನಿಮ್ಮ ನಂಬರೋ ಐಡಿಯೋ ಇದ್ದರೆ ಸಾಕು. ನೀವು ಫೋನ್ ಮುಟ್ಟಬೇಕಾಗಿಯೇ ಇಲ್ಲ. ತೋಟದಲ್ಲಿ ಗೊಬ್ಬರ ಹಾಕುತ್ತಾ ಇದ್ದರೂ ದುಡ್ಡು ಬಂದು ಬೀಳುತ್ತದೆ.

ಆ ಒಂದು ರೂಪಾಯಿಯ ಬಗ್ಗೆಯೂ ಹೇಳಬೇಕು. ಚಿಕ್ಕಮ್ಮನ ಫೋನಿನಲ್ಲಿ ಯುಪಿಐ ಲೈಟ್ ಹಾಕಿಕೊಟ್ಟವನು ನಾನೇ. ಅದರಲ್ಲಿ 1,000 ರೂಪಾಯಿವರೆಗೆ ಪಿನ್ ಇಲ್ಲದೆ ಹೋಗುತ್ತದೆ. ಅಂಗಡಿ ಸಾಮಾನು ತರಲು ಬಹಳ ಅನುಕೂಲ. ಆದರೆ ಅವತ್ತು ಒಂದು ರೂಪಾಯಿ ಪಿನ್ ಇಲ್ಲದೆ ಹೋಗಿ, ಅಡ್ವಾನ್ಸಿಗೆ ಪಿನ್ ಕೇಳಿದ್ದರಿಂದ, 'ಕೊಡುವುದಕ್ಕೆ ಪಿನ್ ಬೇಡ, ಪಡೆಯುವುದಕ್ಕೆ ಬೇಕು' ಎಂದು ಅವರಿಗೆ ಅನ್ನಿಸಿಬಿಟ್ಟಿತಂತೆ. ಇದನ್ನು ಕೇಳಿ ನನಗೆ ಬಹಳ ಬೇಜಾರಾಯಿತು. ಈಗ ಲೈಟ್ ಹಾಕಿಕೊಡುವಾಗಲೆಲ್ಲ ಈ ಮಾತನ್ನು ಬಿಡಿಸಿ ಹೇಳುತ್ತೇನೆ.

ಆಪ್ ಒಳಗೇ 'ಇಷ್ಟು ಹಣ ಕೊಡಿ' ಎಂದು ಒಬ್ಬರು ಇನ್ನೊಬ್ಬರಿಗೆ ಕೋರಿಕೆ ಕಳಿಸುವ ವ್ಯವಸ್ಥೆಯನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ. ಮೋಸ ನಿಂತುಹೋಯಿತು ಎಂದು ಕೆಲವರು ತಿಳಿದಿದ್ದಾರೆ. ನಿಂತದ್ದು ಆ ಒಂದು ದಾರಿ ಮಾತ್ರ. ವ್ಯಾಪಾರಿಗಳ ಹೆಸರಿನಲ್ಲಿ ಬರುವ ಕೋರಿಕೆಗೆ ಆ ನಿಯಮ ಅನ್ವಯಿಸಿರಲಿಲ್ಲ. ಲಿಂಕ್, ಕ್ಯೂಆರ್ ಈಗಲೂ ಇವೆ. 'ದುಡ್ಡು ಪಡೆಯಲು ಸ್ಕ್ಯಾನ್ ಮಾಡಿ' ಎಂದು ಕಳಿಸುವ ಕ್ಯೂಆರ್ ಚಿತ್ರದೊಳಗೂ ಇರುವುದು ಮೇಲೆ ಕೊಟ್ಟಂಥ ಸಾಲೇ.

ಚಿಕ್ಕಮ್ಮನ ಊರಿನಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡದ ಮೇಲಿನ ರಸ್ತೆಗೆ ಬರಬೇಕು. ಮನೆಯ ವೈಫೈ ಕರೆಂಟ್ ಹೋದರೆ ಇಲ್ಲ. ಅವತ್ತು ಸಂಜೆ ಗುಡುಗು ಮಳೆಗೆ ಕರೆಂಟ್ ಹೋಗಿತ್ತು. ಜೊತೆಗೆ ಮನೆಯವರಿಗೆ ಹೇಳಲು ಸಂಕೋಚ. ಮರುದಿನ ಬೆಳಿಗ್ಗೆ ನನ್ನ ಅಂಗಡಿಗೆ ಬಂದರು. ಆಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆವು. ಎರಡೂ ವ್ಯವಹಾರಗಳ 12 ಅಂಕಿಯ ಯುಪಿಐ ನಂಬರ್, ಸಮಯ, ಮೊತ್ತ ಕೇಳಿದರು. ಅದು ಆಪ್‌ನ ಹಿಸ್ಟರಿಯಲ್ಲಿ ಸಿಗುತ್ತದೆ. ಅದನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಂಡರೆ ಕರೆ ಬೇಗ ಮುಗಿಯುತ್ತದೆ. ದೂರು ದಾಖಲಾಯಿತು. ಆದರೆ ಆ ಹೊತ್ತಿಗೆ ದುಡ್ಡು ಆ ಖಾತೆಯಿಂದ ಮುಂದಕ್ಕೆ ಹೋಗಿತ್ತು. ಅದು ಖಾತೆಯಲ್ಲಿ ಇರುವಾಗ ದೂರು ಹೋದರೆ ತಡೆ ಹಿಡಿಯಲು ಆಗುತ್ತದೆ. ಹಾಗಾಗಿ ಹತ್ತು ನಿಮಿಷಕ್ಕೂ ಬೆಲೆ ಇದೆ. ಬ್ಯಾಂಕಿನಲ್ಲಿ ಮೊದಲು ಕೇಳಿದ್ದೇ, 'ಪಿನ್ ಹಾಕಿದ್ದು ಯಾರು?' ಚಿಕ್ಕಮ್ಮ ತಲೆ ತಗ್ಗಿಸಿದರು.

ತಮ್ಮಲ್ಲಿ ಒಂದು ಕೋರಿಕೆ. ಆಪ್‌ನಲ್ಲಿ ಹಣ ಕೊಡುವ ಪುಟ ಹೇಗಿರುತ್ತದೆ, ಬ್ಯಾಂಕಿನ ಹೆಸರು ಎಲ್ಲಿ ಕಾಣುತ್ತದೆ ಎಂದು ದೊಡ್ಡ ಚಿತ್ರ ಮಾಡಿ, ಕನ್ನಡದಲ್ಲಿ ಬಾಣದ ಗುರುತು ಹಾಕಿ ಪತ್ರಿಕೆಯಲ್ಲಿ ಒಮ್ಮೆ ಅಚ್ಚು ಹಾಕಿ. ಮಳೆಗಾಲದ ಸಸಿ ವ್ಯಾಪಾರ ಶುರುವಾಗುವ ಮುಂಚೆ ಬಂದರೆ ಒಳ್ಳೆಯದು. ನಾನು ಅದನ್ನು ಕತ್ತರಿಸಿ ಅಂಗಡಿಯ ಗಾಜಿಗೆ ಅಂಟಿಸುತ್ತೇನೆ. ನಮ್ಮೂರಿನ ಸೊಸೈಟಿಯವರೂ ಗೋಡೆಗೆ ಹಾಕಲು ಒಪ್ಪಿದ್ದಾರೆ.

– ಮೊಬೈಲ್ ಅಂಗಡಿಯವನು, ತೀರ್ಥಹಳ್ಳಿ