180 ದಿನಕ್ಕೆ ಮುಗಿಯುವ ‘ಒರಿಜಿನಲ್’ ವಿಂಡೋಸ್

ಮಾನ್ಯರೇ,

ಆಪರೇಟಿಂಗ್ ಸಿಸ್ಟಮ್ ಇಲ್ಲದ ಲ್ಯಾಪ್‌ಟಾಪ್‌ಗಳಿಗೆ ಅಂಗಡಿಯವರೇ ವಿಂಡೋಸ್ ಹಾಕಿ ಮಾರುತ್ತಿರುವ ಬಗ್ಗೆ ತಮ್ಮ ಪತ್ರಿಕೆಯ ಕಾಸರಗೋಡು ಪುಟದಲ್ಲಿ ಬಂದ ವರದಿಯನ್ನು ಓದಿದೆ. ಅದರಲ್ಲಿ ವ್ಯಾಪಾರಿಯೊಬ್ಬರು, ‘ಆಕ್ಟಿವೇಟ್ ಆಗಿದೆ ಎಂದು ಕಂಪ್ಯೂಟರೇ ತೋರಿಸುವಾಗ ಅದು ಅಸಲಿಯಲ್ಲ ಎಂದು ಹೇಳುವುದು ಹೇಗೆ?’ ಎಂದು ಕೇಳಿದ್ದಾರೆ. ಇದೇ ವಾರ ನಮ್ಮ ಮನೆಯಲ್ಲಿ ಆದದ್ದನ್ನು ನೋಡಿದ ಮೇಲೆ ಈ ಪ್ರಶ್ನೆಗೆ ಉತ್ತರ ಕೊಡದೆ ಇರಲಾರೆ. ಪ್ರೌಢಶಾಲೆಯ ಕಂಪ್ಯೂಟರ್ ಲ್ಯಾಬನ್ನು ಬಹುಕಾಲ ನೋಡಿಕೊಂಡವನಾದ್ದರಿಂದ ವಿಷಯ ನನಗೆ ಹೊಸದಲ್ಲ.

ನನ್ನ ತಮ್ಮನ ಮಗಳು ಬಿ.ಕಾಂ. ಓದುತ್ತಿದ್ದಾಳೆ. ಕಾಲೇಜು ಸೇರುವಾಗ ಅವಳಿಗೆ ಮಂಗಳೂರಿನ ಒಂದು ಅಂಗಡಿಯಿಂದ ಲ್ಯಾಪ್‌ಟಾಪ್ ತಂದಿದ್ದರು. ಪೆಟ್ಟಿಗೆಯ ಮೇಲೆ ಫ್ರೀಡಾಸ್ ಎಂದು, ಅಂದರೆ ವಿಂಡೋಸ್ ಇಲ್ಲವೆಂದು, ಸ್ಪಷ್ಟವಾಗಿಯೇ ಇತ್ತು. ಹಾಗೆ ಮಾರುವುದರಲ್ಲಿ ತಪ್ಪೇನೂ ಇಲ್ಲ. ವಿಂಡೋಸ್ ಲೈಸನ್ಸಿನ ಹಣ ಸೇರದ ಕಾರಣ ಅಂಥ ಯಂತ್ರ ಅಗ್ಗವಾಗಿರುತ್ತದೆ, ಬೇಕಾದವರು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಕೊಳ್ಳಬಹುದು. ಆದರೆ ಅಂಗಡಿಯವರು ಬೇರೆಯಾಗಿ ಹಣ ಪಡೆದು, ‘ಒರಿಜಿನಲ್ ವಿಂಡೋಸ್ ಪ್ರೊ, ಲೈಫ್‌ಟೈಮ್’ ಎಂದು ಹೇಳಿ ಹಾಕಿಕೊಟ್ಟರು. ಬಿಲ್ಲಿನಲ್ಲಿ ಮಾತ್ರ ‘ಸರ್ವೀಸ್ ಚಾರ್ಜ್’ ಎಂದಷ್ಟೇ ಬರೆದರು.

ಈಗ ಪ್ರಾಜೆಕ್ಟ್ ವರದಿ ಒಪ್ಪಿಸಬೇಕಾದ ವಾರದಲ್ಲೇ ಪರದೆಯ ಮೇಲೆ ಲೈಸನ್ಸ್ ಮುಗಿಯುತ್ತಿದೆ ಎಂಬ ಸೂಚನೆ ಬರತೊಡಗಿತು. ಅಂಗಡಿಗೆ ಫೋನ್ ಮಾಡಿದರೆ ಯಂತ್ರವನ್ನು ತನ್ನಿ, ಫಾರ್ಮ್ಯಾಟ್ ಮಾಡಬೇಕು, ಅದಕ್ಕೆ ಮತ್ತೆ ಹಣವಾಗುತ್ತದೆ, ಒಳಗಿನ ಫೈಲುಗಳಿಗೆ ನಾವು ಜವಾಬ್ದಾರರಲ್ಲ ಎಂದರು. ಹುಡುಗಿ ಅಳುತ್ತಾ ಕುಳಿತಳು. ಹೆದ್ದಾರಿ ಕಾಮಗಾರಿಯ ಧೂಳಿನಲ್ಲಿ ಬಸ್ಸು ಹಿಡಿದು, ತಲಪಾಡಿ ದಾಟಿ, ಇನ್ನೊಮ್ಮೆ ಅದೇ ಮೋಸಕ್ಕೆ ಹಣ ತೆತ್ತು ಬರಬೇಕೆ?

ನಾನು ಯಂತ್ರವನ್ನು ತರಿಸಿ ನೋಡಿದೆ. ಇದನ್ನು ಯಾರು ಬೇಕಾದರೂ ನೋಡಬಹುದು. ಕೀಬೋರ್ಡಿನಲ್ಲಿ ವಿಂಡೋಸ್ ಗುರುತಿನ ಕೀಲಿಯನ್ನೂ R ಅನ್ನೂ ಒಟ್ಟಿಗೆ ಒತ್ತಿ, ಬರುವ ಚೌಕದಲ್ಲಿ ಈ ಎರಡನ್ನು ಒಂದಾದ ಮೇಲೊಂದರಂತೆ ಟೈಪ್ ಮಾಡಿದರೆ ಸಾಕು.

```
slmgr /xpr
slmgr /dlv
```

ಮೊದಲನೆಯದಕ್ಕೆ ‘Volume activation will expire’ ಎಂಬ ಸಾಲು, ಅದರ ಮುಂದೆ ಒಂದು ದಿನಾಂಕ ಬಂತು. ಎರಡನೆಯದರಲ್ಲಿ VOLUME_KMSCLIENT ಎಂದಿತ್ತು. ಲೈಫ್‌ಟೈಮ್ ಎಂಬುದು ಸುಳ್ಳೆಂದು ತಿಳಿಯಲು ಇನ್ನೇನೂ ಬೇಕಿಲ್ಲ.

ಆ ಹೆಸರಿನೊಳಗಿನ ಕೆಎಂಎಸ್ ಎಂಬುದು ದೊಡ್ಡ ಸಂಸ್ಥೆಗಳಿಗಾಗಿ ಮೈಕ್ರೋಸಾಫ್ಟ್ ಮಾಡಿರುವ ವ್ಯವಸ್ಥೆ. ಸಂಸ್ಥೆಯ ಒಳಗೇ ಒಂದು ಸರ್ವರ್ ಇರುತ್ತದೆ. ಕನಿಷ್ಠ 25 ಕಂಪ್ಯೂಟರ್‌ಗಳು ಅದನ್ನು ಸಂಪರ್ಕಿಸಿದರೆ ಮಾತ್ರ ಅದು ಅವುಗಳ ವಿಂಡೋಸನ್ನು ಆಕ್ಟಿವೇಟ್ ಮಾಡುತ್ತದೆ. ಹಾಗೆ ಸಿಕ್ಕಿದ್ದು 180 ದಿನಗಳವರೆಗೆ ನಡೆಯುತ್ತದೆ. ಕಚೇರಿಯ ಕಂಪ್ಯೂಟರ್ ಏಳು ದಿನಕ್ಕೊಮ್ಮೆ ತಾನಾಗಿಯೇ ಆ ಸರ್ವರನ್ನು ಕೇಳಿ ಅವಧಿಯನ್ನು ನವೀಕರಿಸಿಕೊಳ್ಳುವುದರಿಂದ ಅಲ್ಲಿಯವರಿಗೆ ಇದು ತಿಳಿಯುವುದೇ ಇಲ್ಲ. ಬದಿಯಡ್ಕದ ಮನೆಯೊಂದರ ಲ್ಯಾಪ್‌ಟಾಪಿಗೆ ಅಂಥ ಸರ್ವರ್ ಎಲ್ಲಿಂದ ಬರಬೇಕು? ಅಂಗಡಿಯವರು ಅಂತರ್ಜಾಲದಿಂದ ಇಳಿಸಿಕೊಂಡ ಒಂದು ಪ್ರೋಗ್ರಾಂ ಆ ಸರ್ವರಿನ ವೇಷ ಹಾಕಿರುತ್ತದೆ. ಅದು ಓಡಬೇಕಾದರೆ ಸಾಮಾನ್ಯವಾಗಿ ಆಂಟಿವೈರಸ್ಸನ್ನು ನಿಲ್ಲಿಸಬೇಕು, ಇಲ್ಲವೇ ಆ ಫೋಲ್ಡರನ್ನು ಅದರ ಕಣ್ಣಿನಿಂದ ತಪ್ಪಿಸಬೇಕು. ಬ್ಯಾಂಕಿನ ಪಾಸ್‌ವರ್ಡನ್ನು ಹೊಡೆಯುವ ಯಂತ್ರದೊಳಗೆ ಯಾರು ಬರೆದದ್ದೆಂದೇ ತಿಳಿಯದ ಪ್ರೋಗ್ರಾಮನ್ನು ಹಾಗೆ ಬಿಟ್ಟುಕೊಡುವುದು ಅಕ್ಷಮ್ಯ.

ಆದ್ದರಿಂದ ಆ ವ್ಯಾಪಾರಿಗೆ ನನ್ನ ಉತ್ತರವಿಷ್ಟೆ: ಆಕ್ಟಿವೇಶನ್ ಎಂದರೆ ಯಂತ್ರ ನಡೆಸುವ ಒಂದು ತಪಾಸಣೆ ಮಾತ್ರ, ಲೈಸನ್ಸ್ ಎಂದರೆ ಹಣ ಕೊಟ್ಟವನಿಗೆ ಸಿಗುವ ಹಕ್ಕು. ತಯಾರಕರೇ ವಿಂಡೋಸ್ ಹಾಕಿ ಕಳುಹಿಸಿದ ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಲೈಸನ್ಸಿನ ಗುರುತಾದ ಕೀ ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲೇ ಅಡಗಿರುತ್ತದೆ, ಎರಡನೆಯ ಆಜ್ಞೆಗೆ OEM_DM ಎಂದು ಬರುತ್ತದೆ. ಅದೇ ಆವೃತ್ತಿಯನ್ನು ಎಷ್ಟು ಸಲ ಮರುಸ್ಥಾಪಿಸಿದರೂ ಯಾರಿಗೂ ಹಣ ಕೊಡಬೇಕಾಗಿಲ್ಲ, ಆದರೆ ಆ ಹಕ್ಕು ಬೇರೆ ಯಂತ್ರಕ್ಕೆ ಹೋಗುವುದಿಲ್ಲ. ಬಿಡಿಯಾಗಿ ಕೊಂಡ ರೀಟೇಲ್ ಲೈಸನ್ಸಾದರೆ ಹಳೆಯ ಯಂತ್ರದಿಂದ ತೆಗೆದು ಹೊಸದಕ್ಕೆ ಒಯ್ಯಬಹುದು. ಮೊದಲನೆಯ ಆಜ್ಞೆಗೆ ‘permanently activated’ ಎಂದು ಬಂದರೂ ಅಷ್ಟಕ್ಕೇ ನಂಬುವಂತಿಲ್ಲ. ಯಾವುದೋ ಸಂಸ್ಥೆಗೆ ಅದರ ಹಲವು ಯಂತ್ರಗಳಿಗೆಂದು ಕೊಟ್ಟ ವಾಲ್ಯೂಮ್ ಕೀಯನ್ನು ಬಿಡಿಬಿಡಿಯಾಗಿ ಮಾರಿದಾಗಲೂ ಹಾಗೆಯೇ ಬರುತ್ತದೆ, ಆ ಕೀಯನ್ನು ತಡೆದ ದಿನ ಕೊಂಡವನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಫಾರ್ಮ್ಯಾಟಿನ ಬೆದರಿಕೆಯೂ ಸುಳ್ಳೇ. ಅವಧಿ ಮುಗಿದರೆ ‘Activate Windows’ ಎಂಬ ಬರಹ ಪರದೆಯ ಮೂಲೆಯಲ್ಲಿ ನಿಲ್ಲುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಹಿನ್ನೆಲೆಯ ಚಿತ್ರ ಬದಲಿಸಲು ಬಿಡುವುದಿಲ್ಲ. ಫೈಲುಗಳು ಎಲ್ಲಿಗೂ ಹೋಗುವುದಿಲ್ಲ. ಪ್ರೊ ಆವೃತ್ತಿಯ ನಿಜವಾದ ಕೀ ಕೊಂಡರೆ ಸೆಟ್ಟಿಂಗ್ಸ್‌ನಲ್ಲಿ ಹಾಕಿದರಾಯಿತು. ನಮಗೆ ಹೋಮ್ ಆವೃತ್ತಿಯೇ ಧಾರಾಳವಾಗಿ ಸಾಕಿತ್ತು, ಬೆಲೆಯೂ ಕಡಿಮೆ. ಆದರೆ ಕೇಳದೆಯೇ ಪ್ರೊ ಹಾಕಿಟ್ಟಿದ್ದರಿಂದ ಹೋಮ್‌ಗೆ ಇಳಿಯಬೇಕಾದರೆ ಹೊಸದಾಗಿಯೇ ಸ್ಥಾಪಿಸಬೇಕು. ಎಲ್ಲ ಫೈಲುಗಳನ್ನೂ ಪ್ರತಿ ಮಾಡಿಟ್ಟು ಆ ಕೆಲಸವನ್ನು ಒಂದು ರಾತ್ರಿ ಕುಳಿತು ನಾನೇ ಮಾಡಿದೆ, ಲೈಸನ್ಸಿನ ಹಣವನ್ನು ನನ್ನ ತಮ್ಮ ಎರಡನೆಯ ಸಲ ತೆತ್ತ.

ಕೃತಿಸ್ವಾಮ್ಯ ಕಾಯಿದೆಯ 63ಬಿ ವಿಭಾಗದ ಪ್ರಕಾರ ಕಳ್ಳ ಪ್ರತಿ ಎಂದು ತಿಳಿದೂ ಕಂಪ್ಯೂಟರಿನಲ್ಲಿ ಬಳಸುವವನು ಶಿಕ್ಷಾರ್ಹ. ಅಂದರೆ ವಿಷಯ ತಿಳಿದ ಮೇಲೆ ಸುಮ್ಮನೆ ಬಳಸುತ್ತ ಹೋಗುವ ಬಡ ವಿದ್ಯಾರ್ಥಿಯೂ ತಪ್ಪಿತಸ್ಥ. ‘ಸರ್ವೀಸ್ ಚಾರ್ಜ್’ ಎಂದು ಬರೆದವನು ಮಾತ್ರ ಕೈ ತೊಳೆದುಕೊಳ್ಳುತ್ತಾನೆ. ಅಂಗಡಿ ಕರ್ನಾಟಕದಲ್ಲಿದೆ, ಇಲ್ಲಿ ದೂರು ತೆಗೆದುಕೊಳ್ಳಲಾಗದು ಎಂದು ಇಲ್ಲಿಯ ಕಚೇರಿಯೊಂದರಲ್ಲಿ ನನಗೆ ಹೇಳಿ ಕಳುಹಿಸಿದರು. ಗ್ರಾಹಕ ಸಂರಕ್ಷಣಾ ಕಾಯಿದೆ 2019ರಂತೆ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಗಡಿಯಲ್ಲಿ ಕುಳಿತ ಅಧಿಕಾರಿಗೆ ಇಷ್ಟೂ ತಿಳಿದಿಲ್ಲವೆಂದರೆ ಏನು ಹೇಳುವುದು? ಗೋಡೆಯ ಮೇಲಿನ ಗ್ರಾಹಕರ ಹಕ್ಕುಗಳ ಫಲಕ ಮಲಯಾಳದಲ್ಲಿ ಮಾತ್ರ ಇತ್ತು. ಕೊಟ್ಟ ಅರ್ಜಿ ನಮೂನೆಯೂ ಹಾಗೆಯೇ. ಭಾಷಾ ಅಲ್ಪಸಂಖ್ಯಾತರ ಹಕ್ಕಿನ ಬಗ್ಗೆ ಎಷ್ಟು ಮನವಿ ಕೊಟ್ಟರೂ ಇವರ ಕಿವಿಗೆ ಬೀಳುವುದಿಲ್ಲ.

ಕೇರಳದ ಶಾಲೆಗಳಲ್ಲಿ ಮಕ್ಕಳು ಐ.ಟಿ. ಪಾಠವನ್ನು ಕಲಿಯುವುದೇ ಕೈಟ್ ಸಂಸ್ಥೆ ಹಂಚುವ ಉಚಿತ ಲಿನಕ್ಸಿನಲ್ಲಿ. ಟ್ಯಾಲಿಯಂಥದ್ದಕ್ಕೆ ವಿಂಡೋಸೇ ಬೇಕಾದವರನ್ನು ಬಿಟ್ಟು ಉಳಿದವರಿಗೆ ಲಿನಕ್ಸನ್ನೇ ಹಾಕಿಕೊಟ್ಟರೆ ವ್ಯಾಪಾರಿಗೆ ನಷ್ಟವೇನು?

ಲ್ಯಾಪ್‌ಟಾಪಿನ ಬಿಲ್ಲಿನಲ್ಲಿ ಆಪರೇಟಿಂಗ್ ಸಿಸ್ಟಮ್ ಇದೆಯೇ ಇಲ್ಲವೇ, ಇದ್ದರೆ ಯಾವ ಆವೃತ್ತಿ, ಯಾವ ಬಗೆಯ ಲೈಸನ್ಸ್ ಎಂದು ಬರೆಯುವುದನ್ನು ಎರಡೂ ರಾಜ್ಯಗಳ ಸಂಬಂಧಪಟ್ಟ ಇಲಾಖೆಗಳು ಕಡ್ಡಾಯ ಮಾಡಬೇಕು. ಅವರು ಮಾಡದಿದ್ದರೆ ವ್ಯಾಪಾರಿಗಳ ಸಂಘವೇ ಮಾಡಲಿ, ಯಾರಾದರೂ ಮಾಡಲಿ. ಮಕ್ಕಳ ಓದಿನ ಹಣವನ್ನು ಹೀಗೆ ಕಿತ್ತುಕೊಳ್ಳುವವರಿಗೂ, ನೋಡಿಯೂ ನೋಡದಂತೆ ಕುಳಿತಿರುವ ಅಧಿಕಾರಿಗಳಿಗೂ ನಾಚಿಕೆಯಾಗಬೇಕು.

– ನಿವೃತ್ತ ಅಧ್ಯಾಪಕ, ಬದಿಯಡ್ಕ