ಅವಳು ಫೋನ್ ಮಾಡುವ ಹೊತ್ತು

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜನ್ನು ಎರಡು ಮೂರು ಸಲ ಓದಿದೆ. ನೀನು ಮನಸ್ಸಿಟ್ಟಿರುವ ಹುಡುಗಿಯ 7 ವರ್ಷದ ಸಂಬಂಧ ಮುರಿದು ಇನ್ನೂ 2 ತಿಂಗಳು. ರಾತ್ರಿ 11ಕ್ಕೆ ಫೋನ್ ಮಾಡಿದರೆ 1 ಗಂಟೆವರೆಗೂ ಮಾತು. ‘ನಿನ್ನ ಹತ್ರ ಮಾತಾಡಿದ್ರೆ ಮನಸ್ಸು ಹಗುರ ಆಗತ್ತೆ’ ಅನ್ನುತ್ತಾಳೆ. ಮೊನ್ನೆ ನಿನ್ನ ಭುಜಕ್ಕೆ ಒರಗಿ ತುಂಬಾ ಹೊತ್ತು ಕೂತಿದ್ದಳು, ಆಮೇಲೆ 4 ದಿನ ಪತ್ತೆಯೇ ಇಲ್ಲ. ಅವಳಿಗೆ ನಾನು ಇಷ್ಟಾನಾ, ಇಲ್ಲ ಬರೀ ಅಳೋಕೆ ಒಂದು ಹೆಗಲಾ ಅಂತ ಕೇಳಿದ್ದೀಯ.

ನಿನಗೆ ಹೇಳದೇ ಉಳಿದ ಒಂದು ವಿಷಯ ಇದೆ. ನಾನೂ ಒಮ್ಮೆ ಅವಳ ಜಾಗದಲ್ಲಿದ್ದೆ. 6 ವರ್ಷ ಒಬ್ಬಳ ಜೊತೆಗಿದ್ದು ಬೇರೆಯಾದಾಗ ನನ್ನನ್ನು ಜಾಸ್ತಿ ಕಾಡಿದ್ದು ರಾತ್ರಿ ಹತ್ತೂವರೆ. ಅದು ನಾವಿಬ್ಬರೂ ದಿನಾ ಮಾತಾಡುತ್ತಿದ್ದ ಹೊತ್ತು. ಆಫೀಸಿನಲ್ಲಿ ಆದದ್ದು, ಯಾರೋ ಅಂದದ್ದು, ಎಲ್ಲವನ್ನೂ ಅವಳಿಗೆ ಹೇಳಿಯೇ ಮಲಗುವ ರೂಢಿ. ಸಂಬಂಧ ಹೋಯಿತು, ರೂಢಿ ಹೋಗಲಿಲ್ಲ. ಅದೇ ಹೊತ್ತಿಗೆ ಇನ್ನೊಬ್ಬ ಗೆಳತಿಗೆ ಫೋನ್ ಮಾಡತೊಡಗಿದೆ. ಅವಳಿಗೆ ‘ನೀನಿಲ್ಲದಿದ್ರೆ ಏನಾಗ್ತಿದ್ನೋ’ ಅಂದಿದ್ದೆ. ಆಗ ಅದು ಸುಳ್ಳಾಗಿರಲಿಲ್ಲ ಕಣೋ.

ಒಂದು ರಾತ್ರಿ ಅವಳು, ನಾಳೆ ಅಪ್ಪನಿಗೆ ಕಣ್ಣಿನ ಆಪರೇಷನ್ ಅಂದಳು. ‘ಹೌದಾ’ ಅಂದು ನನ್ನ ಕಥೆ ಮುಂದುವರಿಸಿದೆ. ಮಾರನೇ ದಿನ ಫೋನ್ ಮಾಡಿದಾಗಲೂ ಆಪರೇಷನ್ ಹೇಗಾಯ್ತು ಅಂತ ಕೇಳಲಿಲ್ಲ. ವಾರ ಕಳೆದ ಮೇಲೆ ಅವಳೇ ಹೇಳಿದಳು. ಆ ಕ್ಷಣ ನೆನಪಾದರೆ ಈಗಲೂ ತಲೆ ತಗ್ಗುತ್ತದೆ. ನನಗೆ ಬೇಕಿದ್ದದ್ದು ಕೇಳುವ ಕಿವಿ. ಆ ಕಿವಿ ಯಾರದ್ದು ಅಂತ ನಾನು ನೋಡಿರಲೇ ಇಲ್ಲ. ನಿದ್ದೆ ಸರಿಹೋದಂತೆ ಫೋನ್ ಕಡಿಮೆಯಾಯ್ತು. ಅಷ್ಟರಲ್ಲಿ ಅವಳು ನನ್ನ ಮೇಲೆ ಆಸೆ ಕಟ್ಟಿಕೊಂಡಿದ್ದಳು.

ಅದಕ್ಕೇ ಹೇಳುತ್ತೇನೆ, ಅವಳ ಮಾತಿನ ಸಿಹಿ ಅಳೆಯಬೇಡ. ನೋವಿನಲ್ಲಿರುವವರ ಮಾತು ನಿಜವಾಗಿಯೂ ಸಿಹಿಯಾಗಿರುತ್ತದೆ. ಅವಳು ನಿನ್ನನ್ನು ಯಾವಾಗ ಹುಡುಕುತ್ತಾಳೆ ಅಂತ ನೋಡು. ಹಳಬನ ಮೆಸೇಜ್ ಬಂದ ದಿನ, ಒಂಟಿ ಅನ್ನಿಸಿದ ರಾತ್ರಿ ಮಾತ್ರಾನಾ? ಅಥವಾ ಕೆಲಸದಲ್ಲಿ ಏನೋ ಒಳ್ಳೆಯದಾದ ಮಧ್ಯಾಹ್ನವೂ ‘ಮೊದಲು ನಿನಗೇ ಹೇಳ್ಬೇಕು ಅನ್ನಿಸ್ತು’ ಅಂತ ಫೋನ್ ಮಾಡುತ್ತಾಳಾ? ಖುಷಿಯ ದಿನದ ಒಂದು ಫೋನ್, ಅಳುವಿನ ಹತ್ತು ಫೋನಿಗಿಂತ ಹೆಚ್ಚು ಹೇಳುತ್ತದೆ. ಇನ್ನೊಂದು, ಹೋದ ವಾರ ನೀನು ಹೇಳಿದ ನಿನ್ನ ಕಷ್ಟವನ್ನು ಈ ವಾರ ಅವಳಾಗಿಯೇ ಕೇಳಿದಳಾ?

ಆ 4 ದಿನದ ಮೌನಕ್ಕೆ ಮಾತ್ರ ಅರ್ಥ ಕಟ್ಟಬೇಡ. ಹತ್ತಿರ ಬಂದ ಮೇಲೆ ಹಳಬನಿಗೆ ಮೋಸ ಮಾಡಿದ ಹಾಗೆ ಅನ್ನಿಸುವುದುಂಟು, ನನಗೂ ಅನ್ನಿಸಿತ್ತು. ಇಷ್ಟ ಇದ್ದವರೂ ಹಾಗೆ ಹಿಂದೆ ಸರಿಯುತ್ತಾರೆ, ಇಲ್ಲದವರೂ ಸರಿಯುತ್ತಾರೆ.

‘ನನ್ನನ್ನ ಪ್ರೀತಿಸ್ತೀಯಾ’ ಅಂತ ಈಗಲೇ ಕೇಳಬೇಡ. ಇರುವ ಒಂದೇ ಆಸರೆ ತಪ್ಪೀತು ಅನ್ನೋ ಭಯಕ್ಕೆ ಅವಳು ಹೂಂ ಅಂದುಬಿಡಬಹುದು. ಆ ಹೂಂ ಇಬ್ಬರಿಗೂ ಭಾರ. ಅದರ ಬದಲು ನಿನ್ನ ವಿಷಯ ಹೇಳು: ‘ನನಗೆ ನಿನ್ನ ಮೇಲೆ ಮನಸ್ಸಿದೆ. ನಿನಗೆ ಈಗ ಉತ್ತರ ಕೊಡೋಕೆ ಆಗಲ್ಲ ಅಂತ ಗೊತ್ತು. ಆದ್ರೆ ದಿನಾ ರಾತ್ರಿ ಹಳೇ ಕಥೆ ಕೇಳೋಕೆ ನನಗೂ ಕಷ್ಟ ಆಗ್ತಿದೆ. ಹಗಲು ಸಿಗೋಣ, ಬೇರೆ ಏನಾದ್ರೂ ಮಾತಾಡೋಣ.’ ಅಷ್ಟೇ. ಆಮೇಲೆ 11ರ ಫೋನನ್ನು ನಿಜವಾಗಿಯೂ ಕಡಿಮೆ ಮಾಡು. ತೀರಾ ಕುಸಿದ ರಾತ್ರಿಯಾದರೆ ಎತ್ತು, ಅದು ಬೇರೆ ಮಾತು.

ಆಗ ಅವಳು ಹಗಲಿನ ಭೇಟಿಗೆ ತಾನಾಗಿಯೇ ಹೊತ್ತು ಮಾಡಿಕೊಂಡರೆ, ಅಲ್ಲಿ ನಿನ್ನ ಬಗ್ಗೆ ಕೇಳಿದರೆ, ನಿಧಾನಕ್ಕೆ ಮುಂದೆ ಹೋಗಲು ಜಾಗ ಇದೆ. ರಾತ್ರಿಯ ಕಿವಿ ಸಿಗದಿದ್ದಾಗ ಮಾತೇ ನಿಂತರೆ, ಅಥವಾ ಇನ್ಯಾರಿಗೋ ಆ ಫೋನ್ ಹೋದರೆ, ನಿನಗೆ ನೋವಾಗುತ್ತದೆ. ಆದರೂ ಅವಳನ್ನು ಕೆಟ್ಟವಳು ಅನ್ನಬೇಡ. ‘ನನಗೇ ಗೊತ್ತಿಲ್ಲ’ ಅಂದರೆ ಅದನ್ನೇ ಉತ್ತರ ಅಂತ ತಗೋ. ಅದರೊಳಗೆ ಹೌದು ಅಡಗಿದೆಯಾ ಅಂತ ಹುಡುಕುತ್ತಾ ಕೂರಬೇಡ.

ಈ ವಾರವೇ ಹಗಲು ಸಿಗೋಣ ಅಂತ ಕರೆದು ನೋಡು. ಏನಂದಳು ಅಂತ ನನಗೆ ಹೇಳು. ಆಮೇಲೆ ರಾತ್ರಿ 11ಕ್ಕೆ ಸುಮ್ನೆ ಫೋನ್ ನೋಡುತ್ತಾ ಕೂರುವ ಹಾಗಾದರೆ, ನನಗೆ ಮಾಡು. ಎದ್ದಿರುತ್ತೇನೆ.

ನಿನ್ನ ಗೆಳೆಯ