ಗಟ್ಟಿಯ ಗಾತ್ರವೇ ತೊಡಕು

ಮಾನ್ಯರೇ,

2025ರ ಆರಂಭದಲ್ಲಿ ಅಮೆರಿಕದ ಸುಂಕದ ಭೀತಿಗೆ ನ್ಯೂಯಾರ್ಕ್‌ನ ಚಿನ್ನದ ವಾಯಿದಾ ಬೆಲೆ ಲಂಡನ್‌ ಬೆಲೆಗಿಂತ ಬಹಳ ಮೇಲೇರಿತ್ತು. ಲಂಡನ್ನಿನಲ್ಲಿ ಕೊಂಡು ನ್ಯೂಯಾರ್ಕ್‌ನಲ್ಲಿ ಮಾರಿದರೆ ಅಂತರ ಮುಚ್ಚಬೇಕಿತ್ತಲ್ಲವೇ? ತೊಡಕಿದ್ದದ್ದು ಗಟ್ಟಿಯ ಗಾತ್ರದಲ್ಲಿ. ಲಂಡನ್ನಿನ ಗಟ್ಟಿ ಸುಮಾರು 400 ಔನ್ಸ್‌. ನ್ಯೂಯಾರ್ಕ್‌ನ ವಾಯಿದಾ ಪೇಟೆ ಕಾಮೆಕ್ಸ್‌ನ ಮುಖ್ಯ ವಾಯಿದಾಕ್ಕೆ ಸಲ್ಲುವುದು 100 ಔನ್ಸ್‌ ಇಲ್ಲವೇ ಒಂದು ಕಿಲೊದ್ದು. ಹಾಗಾಗಿ ಲಂಡನ್ನಿನ ಗಟ್ಟಿ ಸ್ವಿಟ್ಜರ್ಲೆಂಡ್‌ಗೆ ಹೋಗಿ, ಕರಗಿ, ಮರುಎರಕವಾಗಿ ನ್ಯೂಯಾರ್ಕ್‌ ಸೇರಬೇಕು. ಬ್ಯಾಂಕ್‌ ಆಫ್‌ ಇಂಗ್ಲೆಂಡ್‌ನ ತಿಜೋರಿಯಿಂದ ಹೊರತೆಗೆಯಲೇ ಆಗ ವಾರಗಟ್ಟಲೆ ಸರತಿಯಿತ್ತು.

ಔನ್ಸ್‌ಗೆ 40 ಡಾಲರ್‌ ಅಂತರವೆಂದರೆ ಕಿಲೊಗೆ ಸುಮಾರು 1,286 ಡಾಲರ್‌. ಆಸೆ ಹುಟ್ಟಿಸುವ ಮೊತ್ತವೇ, ನಿಜ. ಆದರೆ ವಾಯಿದಾ ಮಾರಿಟ್ಟವರ ಚಿನ್ನ ದಾರಿಯಲ್ಲಿರುವಾಗಲೇ ಶೇ 10 ಸುಂಕ ಬಿದ್ದರೆ, 2,800 ಡಾಲರ್‌ ಬೆಲೆಗೆ ಔನ್ಸ್‌ಗೆ 280 ಡಾಲರ್‌ ಕೈಬಿಟ್ಟುಹೋಗುತ್ತಿತ್ತು. ಏಪ್ರಿಲ್‌ 2ರ ಸುಂಕಪಟ್ಟಿಯಿಂದ ಚಿನ್ನ ಹೊರಗುಳಿದ ಮೇಲಷ್ಟೇ ಅಂತರ ಕುಸಿಯಿತು.